ಕಾಣದ ಮೂರು ಟೆಸ್ಟುಗಳನ್ನು ನಾನು ಬಿಲ್ಲಿಗೆ ಸೇರಿಸಿದ್ದು

ನಾನು ಓದಿದ್ದು ಏಳನೆಯ ಇಯತ್ತೆಯವರೆಗೆ. ಬನಹಟ್ಟಿಯಲ್ಲಿ ಪವರ್‌ಲೂಮ್ ನಡೆಸಿಕೊಂಡಿದ್ದೆ. ನನ್ನ ತಂಗಿ ಜಮಖಂಡಿಯಲ್ಲಿ ಒಂದು ಕೋಣೆ ಬಾಡಿಗೆ ಹಿಡಿದು, ಮಗ್ಗದ ಮಾಲಕರಿಗಾಗಿ ಒಂದು ಪ್ರೋಗ್ರಾಮ್ ಬರೆದಿದ್ದಳು. ಮಗ್ಗದ ಉರುಳೆಗೆ, ಅಂದರೆ ಬೀಮಿಗೆ, ಎಷ್ಟು ನೂಲು ಸುತ್ತಿದೆ, ಅದರಿಂದ ಎಷ್ಟು ಸೀರೆ ಬರುತ್ತದೆ, ಬಿಲ್ ಎಷ್ಟಾಗುತ್ತದೆ ಎಂದು ಅದು ಹೇಳಬೇಕು. ಅದು ಸರಿಯಾಗಿ ಹೇಳುತ್ತದೆಯೇ ಎಂದು ನೋಡಲು ಸಣ್ಣ ಸಣ್ಣ ಟೆಸ್ಟುಗಳನ್ನೂ ಅವಳೇ ಬರೆದಿಟ್ಟಿದ್ದಳು.

ಆ ದಿನ ನಾಲ್ಕು ಗಂಟೆಗೆ ನಮ್ಮ ಊರಿನ ಒಬ್ಬ ಸಾಹುಕಾರರಿಗೆ ಪ್ರೋಗ್ರಾಮ್ ತೋರಿಸಬೇಕಿತ್ತು. ಅವರೇ ಅವಳ ಮೊದಲ ಗಿರಾಕಿ. ‘ಒಮ್ಮೆ ನೋಡ್ತೀನಿ, ತಪ್ಪಿದ್ರ ಮತ್ತ ಕರೀಬ್ಯಾಡ’ ಎಂದು ಮೊದಲೇ ಹೇಳಿದ್ದರು. ಮಧ್ಯಾಹ್ನ ಜಮಖಂಡಿಯಿಂದ ತಂಗಿಯ ಫೋನ್ ಬಂತು.

‘ಅಣ್ಣಾ, ಬಸ್ ಹತ್ತಾಕತ್ತೇನಿ. ಟೆಸ್ಟ್ ಫೇಲ್ ಆಗ್ಯಾವು. ಸ್ಕ್ರೀನ್‌ಶಾಟ್ ಕಳಿಸೇನಿ. ಒಂದೊಂದು ಸಾಲಿನಾಗ ಫೈಲಿನ ಹೆಸರು ಐತಿ ನೋಡು. ಬೀಮ್, ಬಿಲ್, ಸಾರಿ ಅಂದ್ರ ಸೀರಿ. ಯಾವುದರಾಗ ಎಷ್ಟು ಅಂತ ಬ್ಯಾರೆ ಬ್ಯಾರೆ ಮಾಡಿ ಬರದಿಡು.’

‘ಬಸ್ಸಿನಾಗ ನೀನ ಮಾಡ್ಬಾರದೇನ?’

‘ಬಸ್ಸಿನಾಗ ಫೋನ್ ನೋಡಿದ್ರ ವಾಂತಿ ಬರ್ತದಪಾ. ಮುಂದಿನ ಸೀಟಿನವರು ಏನ ಪಾಪ ಮಾಡ್ಯಾರು?’

ಇಂಗ್ಲಿಷ್ ಅಕ್ಷರಗಳು ನನಗೆ ಬರುತ್ತವೆ. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಎಣಿಸಿದೆ. ಬಿಲ್ ಏಳು, ಸಾರಿ ನಾಲ್ಕು, ಬೀಮ್ ಒಂದೂ ಇಲ್ಲ. ಒಟ್ಟು ಹನ್ನೊಂದು. ಆದರೆ ಕೆಳಗಿನ ಕೊನೆಯ ಸಾಲಿನಲ್ಲಿ ಹದಿನಾಲ್ಕು ಫೇಲ್ ಎಂದಿತ್ತು. ಮತ್ತೆ ಎಣಿಸಿದೆ, ಹನ್ನೊಂದೇ. ಬೆರಳಿಟ್ಟು ಎಣಿಸಿದರೆ ಚಿತ್ರ ಸರಿದು ಹದಿಮೂರಾಯಿತು. ಅಷ್ಟರಲ್ಲಿ ಆಸೆ ಹುಟ್ಟಿತು, ಆದರೆ ಮುಂದಿನ ಸಲ ಪುನಃ ಹನ್ನೊಂದಕ್ಕೇ ಬಂತು.

ಮಗ್ಗದಲ್ಲಿ ಹಾಸಿನ ಎಳೆ ಕಡಿದು ಕಾಣದೆ ಹೋದರೆ ನಾವು ಹುಡುಕುತ್ತ ಕೂರುವುದಿಲ್ಲ. ಬೇರೊಂದು ಎಳೆ ತಂದು ಕಟ್ಟಿ ಮಗ್ಗ ಓಡಿಸುತ್ತೇವೆ. ನಾನೂ ಹಾಗೇ ಮಾಡಿದೆ. ಎಲ್ಲಕ್ಕಿಂತ ದೊಡ್ಡದು ಬಿಲ್ಲು, ಅದರಲ್ಲಿ ಮೂರು ಹೆಚ್ಚಾದರೆ ಯಾರಿಗೆ ತಿಳಿಯುತ್ತದೆ? ಏಳನ್ನು ಹತ್ತು ಮಾಡಿದೆ. ಹದಿನಾಲ್ಕಕ್ಕೆ ಹದಿನಾಲ್ಕು ಕೂಡಿತು. ಸಮಾಧಾನದಿಂದ ಚಹಾ ಕುಡಿದೆ.

ತಂಗಿ ಮೂರಕ್ಕೆ ಬಂದು ನೋಟ್‌ಬುಕ್ ನೋಡಿದಳು. ‘ಮೊದಲ ಸಾರಿ ಫೈಲ್ ನೋಡ್ತೀನಿ.’

‘ಹತ್ತು ಬಿಟ್ಟು ನಾಕಕ್ಕ ಹೊಂಟಿಯಲ್ಲ. ಶಾಣ್ಯಾಕಿ ಅದೀ ಅಂದ್ಕೊಂಡಿದ್ನಿ.’

‘ಸೀರಿ ಎಷ್ಟು ಅನ್ನೂದು ತಪ್ಪಿದ್ರ ಬಿಲ್ ಹೆಂಗ ಸರಿ ಬರ್ತದೋ? ಬಿಲ್ ಅದನ್ನ ನಂಬಿ ಕುಂತದ. ಬುಡದಾಗಿಂದು ಮೊದಲ.’ ಆಮೇಲೆ ತಲೆ ಎತ್ತಿದಳು. ‘ಬೀಮಿನಾಗ ಒಂದೂ ಇಲ್ಲಾ, ಖರೆ? ನಿನ್ನೆ ಅದನ್ನ ಮುಟ್ಟೇನಿ ನಾ.’

ಆಗಲಾದರೂ ಹೇಳಬಹುದಿತ್ತು. ‘ಇಲ್ಲ’ ಎಂದೆ.

ಹಳೆಯ ಲ್ಯಾಪ್‌ಟಾಪಿನಲ್ಲಿ ಎಲ್ಲ ಟೆಸ್ಟು ಓಡಿಸಲು ಬಹಳ ಹೊತ್ತು ಬೇಕೆಂದು ಅವಳು ಸಾರಿಯದಷ್ಟೇ ಓಡಿಸಿದಳು. ನಾಲ್ಕೂ ಫೇಲ್. ಆ ಫೈಲಿನಲ್ಲಿ ಬರೆದದ್ದನ್ನೆಲ್ಲ ಓದಿದಳು. ತಪ್ಪು ಸಿಗಲಿಲ್ಲ. ಮೂರೂವರೆ ಆಯಿತು. ಅವಳು ಉಗುರು ಕಚ್ಚತೊಡಗಿದಳು. ನಾನು ಫೋನ್ ತೆಗೆದು ಸ್ಕ್ರೀನ್‌ಶಾಟನ್ನು ಮತ್ತೆ ನೋಡಿದೆ.

‘ತಂಗೀ, ಆ ಫೋಟೋ ಮ್ಯಾಲಿಂದ ಸ್ವಲ್ಪ ಕಟ್ ಆದಂಗ ಕಾಣಾಕತ್ತೇತಿ’ ಎಂದೆ, ಆಗಷ್ಟೇ ಅನುಮಾನ ಬಂದವನ ಹಾಗೆ.

ಅವಳು ನನ್ನ ಫೋನ್ ಕಸಿದುಕೊಂಡಳು. ನಾನು ನೋಟ್‌ಬುಕ್ಕನ್ನು ತೊಡೆಯ ಕೆಳಗೆ ಸರಿಸಿದೆ. ‘ಹದಿನಾಲ್ಕಂತದ, ಕಾಣೂದು ಹನ್ನೊಂದು. ಮೂರು ಮ್ಯಾಲೆ ಹೋಗ್ಯಾವು’ ಎಂದು ಬೀಮಿನ ಟೆಸ್ಟು ಓಡಿಸಿದಳು. ಮೂರು ಫೇಲ್. ನೇಯಲು ಬಾರದೆ ಬೀಮಿನ ಕೊನೆಗೆ ಉಳಿಯುವ ಹಾಸಿನ ನೂಲನ್ನು ಕಳೆಯುವ ಬದಲು ಹಿಂದಿನ ದಿನ ಕೂಡಿಸಿಬಿಟ್ಟಿದ್ದಳು. ಒಂದು ಗುರುತು ಬದಲಿಸಿದಳು. ಬೀಮಿನ ಮೂರೂ ಪಾಸು, ಸಾರಿಯ ನಾಲ್ಕೂ ಪಾಸು. ಬಿಲ್ಲಿನಲ್ಲಿ ಒಂದು ಮಾತ್ರ ಉಳಿಯಿತು, ಅದಕ್ಕೆ ಹೊತ್ತಿರಲಿಲ್ಲ.

ಸಾಹುಕಾರರು ತಮ್ಮ ಶೆಡ್ಡಿನಲ್ಲೇ ಒಂದು ಬೀಮಿನ ಉದ್ದ ಹೇಳಿದರು. ಪ್ರೋಗ್ರಾಮು ಹೇಳಿದಷ್ಟೇ ಸೀರೆ ಅವರೂ ತೆಗೆದಿದ್ದರು. ‘ಛಲೋ ಐತಿ’ ಎಂದರು. ಅಲ್ಲಿಗೆ ಎದ್ದು ಬರಬಹುದಿತ್ತು.

ತಂಗಿ, ‘ರೀ, ವಾಪಸ್ ಬಂದ ಸೀರಿ ಬಿಲ್ಲಿನಾಗಿಂದ ಕಳ್ಯೂದು ಇನ್ನೂ ಸರಿ ಇಲ್ಲರಿ. ನಾಳಿಗೆ ಮಾಡಿ ತರ್ತೀನ್ರಿ’ ಎಂದಳು. ನಾನು ಅವಳ ಕಾಲು ತುಳಿದೆ.

ಸಾಹುಕಾರರು ನಕ್ಕರು. ‘ಕೇಳದನ ಹೇಳಿದಿಯಲ್ಲವಾ. ನಾಳೆ ತಗೊಂಡ ಬಾ, ನಮ್ಮ ಕಂಪ್ಯೂಟರಿಗೆ ಹಾಕೂಣು.’

ಹೊರಗೆ ಬಂದ ಮೇಲೆ ಅವಳೆಂದಳು: ‘ನಂದ ತಪ್ಪ ಅಣ್ಣಾ, ಫೋಟೋ ಅರ್ಧಾ ಕಳಿಸಿದ್ನಿ. ನೀ ನೋಡಿ ಹೇಳಿದ್ದಕ್ಕ ಉಳದ್ನಿ.’

ನಾನು ದೊಡ್ಡ ಮನಸ್ಸಿನವನಂತೆ, ‘ಇರ್ಲಿ ಬಿಡ, ಆಗ್ತದ’ ಎಂದೆ. ಅವಳು ಇಂದಿಗೂ ಬಂದವರ ಮುಂದೆಲ್ಲ ಆ ಕಥೆ ಹೇಳಿ ನನ್ನನ್ನು ಹೊಗಳುತ್ತಾಳೆ. ನಾನು ನೆಲ ನೋಡುತ್ತೇನೆ. ವಿನಯ ಎಂದುಕೊಳ್ಳುತ್ತಾರೆ.

ತಂಗೀ, ನಾನು ಎಣಿಸಿದ್ದು ಮೊದಲಿನಿಂದಲೂ ಹನ್ನೊಂದೇ.