ಎಂಟು ಪೋಸ್ಟರಿಗೆ ಒಬ್ಬಳೇ ಹುಡುಗಿ

ಬನಹಟ್ಟಿಯಲ್ಲಿ ನನ್ನದು ಫ್ಲೆಕ್ಸ್, ಪೋಸ್ಟರ್ ಮಾಡುವ ಸಣ್ಣ ಅಂಗಡಿ. ಹೋದ ವರ್ಷ ನಮ್ಮ ಭಾಗದ ಆಶಾ ಕಾರ್ಯಕರ್ತೆ ಬಂದು, ಬಾಲ್ಯವಿವಾಹ ಬೇಡವೆನ್ನುವ ಎಂಟು ಪೋಸ್ಟರ್ ಕೇಳಿದರು. ನಿಜವಾದ ಹುಡುಗಿಯರ ಫೋಟೋ ಹಾಕುವಂತಿರಲಿಲ್ಲ. ಬರೆದು ಹೇಳಿದ್ದನ್ನು ಚಿತ್ರ ಮಾಡಿಕೊಡುವ ಎಐ ಬಳಸಲು ಆಗಷ್ಟೇ ಕಲಿತಿದ್ದೆ. ‘ಮದುವೆಯಾದ ಹಳ್ಳಿ ಹುಡುಗಿ, ದುಃಖದ ಮುಖ’ ಎಂದು ಬರೆದು ಎಂಟು ಚಿತ್ರ ತೆಗೆದೆ.

ಎಂಟರಲ್ಲೂ ಒಬ್ಬಳೇ. ಅದೇ ಕೆಂಪು ಸೀರೆ, ಅದೇ ಕಿಟಕಿ, ಕೆನ್ನೆಯ ಮೇಲೆ ಅದೇ ಹನಿ. ‘ಬೇರೆ ಬೇರೆ ಹುಡುಗಿಯರು’ ಎಂದು ಸೇರಿಸಿದೆ. ಸೀರೆಯ ಬಣ್ಣ ಬದಲಾಯಿತು, ಹುಡುಗಿ ಬದಲಾಗಲಿಲ್ಲ.

“ಇಕಿ ಸಿನಿಮಾದಾಕಿ ಇದ್ದಾಂಗ ಅದಾಳ್ರಿ ಅಣ್ಣಾರ. ನಮ್ಮ ಮಂದಿ ನೋಡಿ, ನಮ್ಮ ಮಗಳಲ್ಲ ಬಿಡು ಅಂತ ಹೋಗ್ತಾರ,” ಎಂದರು ಆಕೆ.

ತಪ್ಪು ನನ್ನದೇ. ನಾನು ಹೇಳದೆ ಬಿಟ್ಟದ್ದನ್ನೆಲ್ಲ ಅದು ತನಗೆ ರೂಢಿಯಾದದ್ದರಿಂದ ತುಂಬುತ್ತಿತ್ತು.

“ಎಲ್ಲಿ ಅದಾಳ, ಹೆಂಗದಾಳ, ಏನ್ ಮಾಡಾಕತ್ತಾಳ, ನಾವು ಎಲ್ಲಿಂದ ನೋಡ್ತೀವಿ, ಒಂದೊಂದಕ್ಕೂ ಬ್ಯಾರೆ ಹೇಳಬೇಕ್ರಿ ಅಕ್ಕಾರ. ನೀವು ಹೇಳ್ರಿ, ನಾ ಬರೀತೇನಿ.”

ಆಕೆ ಪರದೆಯ ಹತ್ತಿರ ಬಂದರು. “ಮಗ್ಗದ ಶೆಡ್ಡು ಬರೀರಿ. ಮಾರಿ ಬ್ಯಾಡ, ನೂಲು ಸುತ್ತೂ ಕೈ ಅಷ್ಟ, ಭಾಳ ಹತ್ರದಿಂದ. ಸಣ್ಣ ಕೈ, ಹೊಸಾ ಹಸರ ಬಳಿ.”

ಬಂತು. ಮೊದಲಿನವಳಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಮುಂದಿನದು ಕಬ್ಬಿನ ಹೊಲದ ಬದು. ದೂರದಿಂದ ಕಾಣುವ, ಕೊಡ ಹೊತ್ತ ಬಸುರಿ. ಆಮೇಲೆ ಶಾಲೆಯ ಗೇಟಿನ ಮುಂದೆ ಮಗು ಎತ್ತಿಕೊಂಡು ನಿಂತ ದುಂಡು ಮುಖದವಳು, ಹಿಂದಿನಿಂದಲ್ಲ, ಎದುರಿನಿಂದ. ಬರೆಯುತ್ತ ನನಗೆ ಹುರುಪು ಬಂದಿತ್ತು.

“ದವಾಖಾನಿ ಮಂಚ. ಎತ್ತರದಾಕಿ, ಕಪ್ಪಗ, ಮುಂದಿನ ಹಲ್ಲು ಸ್ವಲ್ಪ ಉಬ್ಬು. ಮ್ಯಾಲಿಂದ ನೋಡಿದಾಂಗ…” ಆಕೆಯ ಮಾತು ನಿಂತಿತು.

ತಿರುಗಿ ನೋಡಿದೆ. “ಇವರೆಲ್ಲ ಖರೆ ಇರೋರೇನ್ರಿ?”

“ಉಳದೋರು ಅದಾರ್ರಿ. ಇಕಿ ಹಡಿಯೂ ಮುಂದ ಹ್ವಾದ್ಲು. ಗಾಡಿ ಕರಿಸಿದಾಕಿ ನಾನ.” ಕಣ್ಣೊರೆಸಿಕೊಂಡು ಅಂದರು: “ಹಲ್ಲು, ಎತ್ತರ ಎರಡೂ ತಗೀರಿ. ಅವರವ್ವ ಗುರ್ತಾ ಹಿಡೀತಾಳ.”

ತೆಗೆದೆ. ಗಿಡ್ಡನೆಯವಳನ್ನು ಬಾಗಿಲಾಚೆಯಿಂದ, ಬೆನ್ನು ಕಾಣುವಂತೆ ಬರೆದೆ. ಮೊದಲಿನ ಮೂವರ ಗುರುತನ್ನೂ, ಆಮೇಲಿನ ನಾಲ್ವರದನ್ನೂ ಕೇಳಿ ಕೇಳಿ ಬದಲಿಸಿದೆ. ಎಂಟು ಪೋಸ್ಟರ್ ಆದವು, ಎಂಟೂ ಬೇರೆ.

ಮೂರು ತಿಂಗಳ ಮೇಲೆ ಆಕೆ ಮತ್ತೆ ಬಂದರು. ಜನ ನಿಂತು ನೋಡುತ್ತಾರಂತೆ, ಇವಳು ಯಾರ ಮನೆಯವಳೆಂದು ಕೇಳುತ್ತಾರಂತೆ. ನಾನು ಹಿಗ್ಗಿದೆ.

“ಮಗ್ಗದ ಪೋಸ್ಟರ್ ಹಚ್ಚಿದ ಓಣ್ಯಾಗ ಹೋದ ವಾರ ಒಂಬತ್ತನೇತ್ತೆ ಓದೂ ಹುಡುಗಿದು ಮದವಿ ಆತ್ರಿ,” ಎಂದರು. “ನಾವು ತಡೀತೀವಂತ, ಮಟಮಟ ಮಧ್ಯಾಹ್ನ ಬಸ್ ಹತ್ತಿಸಿ ಮುಧೋಳದ ಬೀಗರ ಮನಿಗೆ ಒಯ್ದು ಮಾಡಿದ್ರು. ನಾ ಹೋಗೂದ್ರಾಗ ಕೊಳ್ಳಾಗ ತಾಳಿ ಬಿದ್ದಿತ್ತು.”

ಆಕೆ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

“ಇನ್ನೊಂದು ಬರೀರಿ,” ಎಂದರು. “ಬಸ್ ಸ್ಟ್ಯಾಂಡು. ಮಧ್ಯಾಹ್ನದ ಬಿಸಲು.”