ನಿಳೆಯ ಮರಳಲ್ಲಿ ಒಂದು ಮಳೆಮಾಪಕ

ವರೀದ್ ಚೇಟ್ಟನ್ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ಇದು ಹೊಗಳಿಕೆಯ ಬರಹ ಎಂದು ನೀವು ತಿಳಿದುಕೊಂಡೀರಿ.

ನಾನು ಕಾಸರಗೋಡಿನವಳು. ಕೊಚ್ಚಿಗೆ ಬಂದು ಮಲಯಾಳಂ ಸಿನಿಮಾಗಳಲ್ಲಿ ಸಹಾಯಕ ನಿರ್ದೇಶಕಿಯಾಗಿ ಹನ್ನೆರಡು ವರ್ಷವಾಯಿತು. ವರೀದ್ ಚೇಟ್ಟನ್ ಪ್ರೊಡಕ್ಷನ್ ಕಂಟ್ರೋಲರ್. ಇರಿಂಞಾಲಕ್ಕುಡದವನು, ಅರವತ್ತರ ಹತ್ತಿರದ ವಯಸ್ಸು. ನಮಗೆಲ್ಲ ಅವನು ಚೇಟ್ಟನ್, ಅಂದರೆ ಅಣ್ಣ; ಅವನಿಗೆ ನಾವು ಮೋನೆ, ಮೋಳೆ, ಅಂದರೆ ಮಗನೇ, ಮಗಳೇ. ಬೆಳಗಿನ ಪುಟ್ಟು ಕಡಲೆಯಿಂದ ಹಿಡಿದು ಕ್ಯಾಮೆರಾ ಬಾಡಿಗೆಯವರೆಗೆ ಎಲ್ಲವೂ ಅವನ ತಲೆಯ ಮೇಲೆ. ಸೆಟ್ಟಿನಲ್ಲಿ ಎಲ್ಲರೂ ಆಕಾಶ ನೋಡಿ "ಎಂಥ ಬೆಳಕು!" ಎಂದರೆ ಇವನು ಅದೇ ಆಕಾಶ ನೋಡಿ "ಎಷ್ಟು ಹೊತ್ತು ಇರುತ್ತೆ?" ಎನ್ನುತ್ತಿದ್ದ.

ಆ ಸಿನಿಮಾ ಚಿಕ್ಕದು. ಹಣ ಹಾಕಿದವಳು ರೋಸಿಲಿ, ಕುವೈತಿನಲ್ಲಿ ನರ್ಸ್. ಹದಿನೆಂಟು ವರ್ಷದ ದುಡಿಮೆಯನ್ನು ತಾನೇ ಬರೆದ ಕಥೆಗೆ ಸುರಿದಿದ್ದಳು. ಒಟ್ಟಪಾಲದ ಬಳಿ ನಿಳಾ ನದಿಯ ಮರಳಲ್ಲಿ ಕೊನೆಯ ದೃಶ್ಯ. ಮುದುಕಿಯೊಬ್ಬಳು ಒಣ ಮರಳಲ್ಲಿ ಒಬ್ಬಳೇ ನೀರಿನವರೆಗೆ ನಡೆಯಬೇಕು. ಆ ದೃಶ್ಯವಿಲ್ಲದೆ ಸಿನಿಮಾಕ್ಕೆ ಕೊನೆಯೇ ಇಲ್ಲ. ಮುದುಕಿಯ ಪಾತ್ರಕ್ಕೆ ಕಾರ್ತ್ಯಾಯನಿಯಮ್ಮ ಬಂದಿದ್ದರು.

ತುಲಾ ಮಾಸದ, ಅಂದರೆ ಅಕ್ಟೋಬರ್-ನವೆಂಬರಿನ, ಮಳೆ ಮಧ್ಯಾಹ್ನದ ಮೇಲೆ ಗುಡುಗಿಕೊಂಡು ಬರುವುದು ವಾಡಿಕೆ. ಹಾಗಾಗಿ ಹೊರಾಂಗಣವೆಲ್ಲ ಬೆಳಿಗ್ಗೆ ಎಂದು ವರೀದ್ ಚೇಟ್ಟನ್ ಗೆರೆ ಎಳೆದಿದ್ದ. ಅದೂ ಸಾಲದೆಂದು ಮುಚ್ಚಿಹೋದ ಅಕ್ಕಿ ಗಿರಣಿಯೊಂದನ್ನು ಬಾಡಿಗೆಗೆ ಹಿಡಿದು, ಒಳಾಂಗಣದ ದೃಶ್ಯಗಳಿಗೆ ಸಜ್ಜು ಮಾಡಿಟ್ಟಿದ್ದ. ಮಳೆ ಬಂದರೆ ಎಲ್ಲರೂ ಗಿರಣಿಗೆ. ಬಜೆಟ್ಟಿನಲ್ಲಿ ಹತ್ತು ಪಾಲಿಗೆ ಒಂದು ಪಾಲು ಆಪತ್ತಿಗೆಂದು ಬೇರೆ ಎತ್ತಿಟ್ಟಿದ್ದ. ಇಷ್ಟಾದ ಮೇಲೆ ಮಳೆ ವಿಮೆ.

ಆ ವಿಮೆಗಾಗಿ ನಿರ್ದೇಶಕ ನಿರಂಜನನೊಡನೆ ದೊಡ್ಡ ಜಗಳವೇ ಆಗಿತ್ತು.

"ಆ ಕಂತಿನ ದುಡ್ಡಲ್ಲಿ ಎರಡು ದಿನ ಡ್ರೋನ್ ಬರುತ್ತೆ ಚೇಟ್ಟಾ. ಮಳೆ ಬರೋ ಹಾಗಿದ್ರೆ ಆವಾಗ ತಗೊಳ್ಳೋಣ."

"ಮಳೆ ಬರುತ್ತೆ ಅಂತ ಗೊತ್ತಾದ ಮೇಲೆ ಯಾವ ಪುಣ್ಯಾತ್ಮ ಮಳೆ ವಿಮೆ ಮಾರ್ತಾನೆ ಮೋನೆ? ಹದಿನೈದು ದಿನ ಮುಂಚೆ ತಗೋಬೇಕು. ನಿನ್ನ ಡ್ರೋನ್ ಮಳೇಲಿ ಹಾರುತ್ತಾ?"

ವಿಮೆಯ ಷರತ್ತು ಸರಳ. ನದಿಯ ದೃಶ್ಯದ ದಿನ ಬೆಳಿಗ್ಗೆ ಆರರಿಂದ ಒಂದರವರೆಗೆ ಹತ್ತು ಮಿಲಿಮೀಟರ್ ಮಳೆಯಾಗಿ ಶೂಟಿಂಗ್ ನಿಂತರೆ, ಎಲ್ಲರನ್ನೂ ಇನ್ನೊಂದು ದಿನ ಕರೆಸುವಷ್ಟು ಹಣ ಬರುತ್ತದೆ. ಅಳತೆ ಎಲ್ಲಿಯದು? ಊರಿನ ಹವಾಮಾನ ಕೇಂದ್ರ ಇಪ್ಪತ್ತು ಕಿಲೋಮೀಟರ್ ದೂರ. "ಅಲ್ಲಿ ಬಿಸಿಲು, ಇಲ್ಲಿ ಜಡಿಮಳೆ ಆದ್ರೆ ನಾವು ಮುಳುಗಿದ್ವಿ" ಎಂದು ವರೀದ್ ಚೇಟ್ಟನ್ ಹಟ ಹಿಡಿದು, ಶೂಟಿಂಗ್ ಜಾಗದಲ್ಲೇ ಇಡುವ ಮಾಪಕದ ಅಳತೆ ಮಾತ್ರ ಲೆಕ್ಕಕ್ಕೆ ಎಂದು ಬರೆಸಿದ್ದ. ಆಗ ನಾವೆಲ್ಲ ಮೆಚ್ಚಿಕೊಂಡಿದ್ದೆವು.

ಕಡಲಲ್ಲಿ ವಾಯುಭಾರ ಕುಸಿಯಿತು. ವಾಡಿಕೆ ಮುರಿದು ಮಳೆ ಬೆಳಗಿನಲ್ಲೇ ಬರತೊಡಗಿತು. ಮೊದಲೆರಡು ದಿನ ಗಿರಣಿಗೆ ಓಡಿದೆವು. ಅಲ್ಲಿನ ದೃಶ್ಯಗಳೆಲ್ಲ ಮುಗಿದುಹೋದವು. ಮೂರು, ನಾಲ್ಕನೇ ದಿನ ಸುಮ್ಮನೆ ಕೂತೆವು. ಆಪತ್ತಿನ ಹಣ ಕರಗಿತು. ಐದನೇ ದಿನ ನದಿಯ ದೃಶ್ಯದ ದಿನ. ಎರಡು ಗಂಟೆಗೆ ಕಾರ್ತ್ಯಾಯನಿಯಮ್ಮ ಚೆನ್ನೈಗೆ ಹೊರಡಬೇಕು, ಬೇರೆ ಸಿನಿಮಾಕ್ಕೆ. ಇನ್ನು ಉಳಿದದ್ದು ಎರಡೇ. ಒಂದೋ ಬಿಸಿಲು ಬರಬೇಕು, ಇಲ್ಲವೇ ಹತ್ತು ಮಿಲಿಮೀಟರ್ ಮಳೆ.

ಆರಕ್ಕೆ ವಿಮೆಯವರ ಸರ್ವೇಯರ್ ಸುಗುಣನ್ ಬಂದು ಮರಳಲ್ಲಿ ಸ್ಟ್ಯಾಂಡಿನ ಮೇಲೆ ಮಾಪಕ ನೆಟ್ಟ. ಆರೂಕಾಲಿಗೆ ಆಕಾಶ ಹರಿದಂತೆ ಮಳೆ ಸುರಿಯಿತು. ಸುಗುಣನ್ ಕಾರಿನೊಳಗೆ, ನಾವು ವ್ಯಾನಿನೊಳಗೆ. ನಿರಂಜನ್ ಹಾಲಿಲ್ಲದ ಕಟ್ಟನ್ ಚಾಯ ಹೀರುತ್ತಾ, "ಸುರಿಯಲಿ ಬಿಡಿ, ಇವತ್ತು ಮಳೆಯೂ ನಮ್ಮದೇ" ಎಂದು ನಕ್ಕ. ವರೀದ್ ಚೇಟ್ಟನ್ ನಗಲಿಲ್ಲ.

ಎಂಟೂವರೆಗೆ ಮಳೆ ಇಳಿಯಿತು. ಮಾಪಕ ನೋಡಲು ಹೋದೆವು, ವರೀದ್ ಚೇಟ್ಟನ್, ನಾನು, ಲೈಟ್ ಯೂನಿಟ್ಟಿನ ಷಿಹಾಬ್, ನಮ್ಮೆಲ್ಲರ ಷಿಹಾಬಿಕ್ಕ. ಅಲ್ಲಿ ಮಾಪಕ ಕಾಣಲಿಲ್ಲ. ಒಂದು ನೀಲಿ ಟಾರ್ಪಾಲು ಕಂಡಿತು, ನಾಲ್ಕೂ ಮೂಲೆಗೆ ಅಚ್ಚುಕಟ್ಟಾಗಿ ಕಲ್ಲು ಹೇರಲಾಗಿತ್ತು.

ಷಿಹಾಬಿಕ್ಕನ ಮುಖ ಬಿಳಿಚಿಕೊಂಡಿತು. ಇಪ್ಪತ್ತೈದು ವರ್ಷದ ಕೈ. ಮೊದಲ ಹನಿ ಬಿದ್ದರೆ ಸಾಕು, ಸ್ಟ್ಯಾಂಡಿನ ಮೇಲೆ ನಿಂತದ್ದೇನಿದ್ದರೂ ಮುಚ್ಚುವುದೇ ಲೈಟ್‌ನವರ ಧರ್ಮ. ಯಾವುದಕ್ಕೆ ಎಂದು ಯಾರೂ ಕೇಳುವುದಿಲ್ಲ. ಮಳೆ ಅಳೆಯಲು ನೆಟ್ಟಿದ್ದನ್ನು ಆತ ಮಳೆಯಿಂದ ಕಾಪಾಡಿದ್ದ.

ಟಾರ್ಪಾಲು ಎತ್ತಿದೆವು. ಮಾಪಕದಲ್ಲಿ ಅರ್ಧ ಮಿಲಿಮೀಟರ್. ಪಕ್ಕದಲ್ಲಿದ್ದ ಅಡುಗೆಯವರ ಖಾಲಿ ಬಕೆಟ್ಟಿನಲ್ಲಿ ಮೂರು ಬೆರಳಷ್ಟು ನೀರು ನಿಂತಿತ್ತು.

"ಚೇಟ್ಟಾ, ಸುಗುಣನ್ ಕಾರಲ್ಲಿ ಮಲಗಿದ್ದಾನೆ," ಷಿಹಾಬಿಕ್ಕ ಪಿಸುಗುಟ್ಟಿದ. "ಬಾಟಲಿಯಿಂದ ಎರಡು ಗುಟುಕು ಸುರೀತೀನಿ. ಸುಳ್ಳೇನಲ್ಲವಲ್ಲ, ಬಿದ್ದ ಮಳೇನೇ ತಾನೆ?"

"ಸುರೀರಿ," ಎಂದೆ ನಾನು. ನನಗೆ ಆಗಲೂ ನಾಚಿಕೆಯಾಗಲಿಲ್ಲ, ಈಗಲೂ ಇಲ್ಲ.

ವರೀದ್ ಚೇಟ್ಟನ್ ಷಿಹಾಬಿಕ್ಕನ ಕೈಯಿಂದ ಬಾಟಲಿ ತೆಗೆದುಕೊಂಡ. ಮುಚ್ಚಳ ತಿರುಗಿಸಿದ. ಸುರಿದೇ ಬಿಡುತ್ತಾನೆ ಎಂದುಕೊಂಡೆ. ಮಾಪಕವನ್ನೇ ನೋಡುತ್ತಾ ಎಷ್ಟು ಹೊತ್ತು ನಿಂತನೋ ಗೊತ್ತಿಲ್ಲ. ಆಮೇಲೆ ಆ ನೀರನ್ನು ಗಟಗಟ ಕುಡಿದು, ನೇರ ಕಾರಿನತ್ತ ನಡೆದು ಕಿಟಕಿ ಬಡಿದ.

ಸುಗುಣನ್ ಬಂದು ನೋಡಿದ. ಪಾಪ, ಕೆಟ್ಟವನಲ್ಲ. "ನನ್ನ ಕಣ್ಣಿಗೆ ಮಳೆ ಕಂಡಿದೆ ಚೇಟ್ಟಾ. ಕಾಗದಕ್ಕೆ ಕಂಡಿಲ್ಲ. ಇದರಲ್ಲಿ ಎಷ್ಟಿದೆಯೋ ಅಷ್ಟೇ ಬರಿಯೋಕಾಗೋದು. ಒಂದು ಗಂಟೆವರೆಗೂ ಟೈಮಿದೆ, ನೋಡೋಣ."

ಆಮೇಲಿನ ನಾಲ್ಕೂವರೆ ಗಂಟೆಯನ್ನು ನಾನು ಮರೆಯಲಾರೆ. ಆಕಾಶ ಅತ್ತ ಬಿಸಿಲೂ ಕೊಡದು, ಇತ್ತ ಮಳೆಯೂ ಕೊಡದು. ಒದ್ದೆ ಮರಳು ಕಪ್ಪಾಗಿ ಬಿದ್ದಿತ್ತು, ಶೂಟಿಂಗ್ ಸಾಧ್ಯವೇ ಇಲ್ಲ. ನಾಲ್ಕು ದಿನದಿಂದ ಮಳೆಗೆ ಶಾಪ ಹಾಕಿದ್ದ ನಲವತ್ತು ಜನ ಈಗ ಮಳೆಗಾಗಿ ಬಾಯಿ ತೆರೆದು ನಿಂತಿದ್ದರು. ಹತ್ತು ಗಂಟೆಗೆ ಮೂರು ಮಿಲಿಮೀಟರ್. ಹನ್ನೊಂದೂವರೆಗೆ ಒಂದು ಜಡಿಮಳೆ ಬಂತು, ಆರೂವರೆ ಮಿಲಿಮೀಟರ್. ನಿರಂಜನ್ ಉಗುರು ಕಚ್ಚುತ್ತಾ ಮಾಪಕದ ಸುತ್ತ ಸುತ್ತಿದ. ಕಾರ್ತ್ಯಾಯನಿಯಮ್ಮ ವೇಷ ಕಳಚದೆ ಕೂತೇ ಇದ್ದರು. ಹನ್ನೆರಡೂಮುಕ್ಕಾಲಿಗೆ ಒಂಬತ್ತು. "ಇನ್ನೊಂದೇ ಒಂದು, ನನ್ನ ತಾಯೀ," ಎಂದು ಷಿಹಾಬಿಕ್ಕ ಯಾವ ತಾಯಿಯನ್ನು ಕರೆದನೋ! ಹನಿ ಬಿತ್ತು, ನಿಂತಿತು, ಮತ್ತೆ ಬಿತ್ತು.

ಒಂದು ಗಂಟೆ. ಸುಗುಣನ್ ಮಂಡಿಯೂರಿ ಕಣ್ಣು ಹತ್ತಿರ ತಂದು ನೋಡಿದ. ಒಂಬತ್ತು ಪಾಯಿಂಟ್ ನಾಲ್ಕು. ಇನ್ನೊಮ್ಮೆ ನೋಡಿದ. ವರೀದ್ ಚೇಟ್ಟನ್ ಸಹಿ ಹಾಕಿದ. ಷಿಹಾಬಿಕ್ಕ ಜನರೇಟರ್ ಹಿಂದೆ ಹೋಗಿ ಅತ್ತ. ಎರಡಕ್ಕೆ ಕಾರ್ತ್ಯಾಯನಿಯಮ್ಮನ ಕಾರು ಹೊರಟಿತು. ಎರಡೂಕಾಲಿಗೆ ಗುಡುಗಿ ಮಳೆ ಹೊಡೆಯಿತು. ಯಾರಿಗೆ ಬೇಕಿತ್ತು?

ವರೀದ್ ಚೇಟ್ಟನ್ ವ್ಯಾನಿನಲ್ಲಿ ನನ್ನ ಪಕ್ಕವೇ ಕೂತು ಕುವೈತಿಗೆ ಫೋನ್ ಹಚ್ಚಿದ. ಮಳೆಯ ಸದ್ದಿಗೆ ಸ್ಪೀಕರ್ ಹಾಕಿದ್ದ. ಟಾರ್ಪಾಲಿನಿಂದ ಹಿಡಿದು ಬಾಟಲಿಯವರೆಗೆ ಎಲ್ಲ ಹೇಳಿದ. ತಪ್ಪು ಷಿಹಾಬನದಲ್ಲ, ಮಾಪಕದ ಹತ್ತಿರ ಆಳು ನಿಲ್ಲಿಸದ ತನ್ನದು ಎಂದ.

"ಆಗ ಯಾರೂ ನೋಡ್ತಿರಲಿಲ್ವಾ ಚೇಟ್ಟಾ?" ಎಂದು ಕೇಳಿದಳು ರೋಸಿಲಿ.

"ಇಲ್ಲ ಮೋಳೆ."

"ನಿಜವಾಗ್ಲೂ ಹತ್ತಕ್ಕಿಂತ ಜಾಸ್ತಿ ಬಂದಿತ್ತಾ?"

"ಮೂವತ್ತಾದ್ರೂ ಬಂದಿತ್ತು."

"ಹಾಗಾದ್ರೆ ಆ ಬಾಟಲಿ ವಿಷಯ ನನಗ್ಯಾಕೆ ಹೇಳಿದ್ರಿ? ಮಳೆ ಸಾಲಲಿಲ್ಲ ಅಂದಿದ್ರೆ ದೇವರನ್ನ ಬಯ್ಕೊಂಡು ಇರ್ತಿದ್ದೆ."

"ನನ್ನನ್ನ ಬಯ್ಯಿ ಮೋಳೆ."

"ಅದೂ ಆಗ್ತಿಲ್ಲವಲ್ಲ," ಎಂದು ರೋಸಿಲಿ ಬಿಕ್ಕಿದಳು. "ನೀವು ಇಂಥವರು ಅಂತಾನೇ ಅಲ್ವಾ ನನ್ನ ದುಡ್ಡನ್ನೆಲ್ಲ ನಿಮ್ಮ ಕೈಗೆ ಕೊಟ್ಟಿದ್ದು."