ತಲೆ ಆಡಿಸಿದರೆ ಸಾಲದು

ದೀಪಾಲಿಯ ಬಯೋಡೇಟಾ ಮೊದಲ ಸಲ ಓದಿದಾಗ ನನಗೆ ಸಿಟ್ಟು ಬಂತು. ಪುಣೆಯ ಶಾಲೆಯೊಂದರಲ್ಲಿ ಹದಿನಾಲ್ಕು ವರ್ಷ ಗಣಿತ ಕಲಿಸಿದ ಹೆಣ್ಣುಮಗಳು ಬರೆದುಕೊಂಡಿದ್ದು ಇಷ್ಟೇ: ಎಂಟನೇ ತರಗತಿಯ ಶಿಕ್ಷಕಿ, ಪ್ರಶ್ನೆಪತ್ರಿಕೆ ತಯಾರಿ, ಶಾಲೆಯ ವಾರ್ಷಿಕೋತ್ಸವದ ಜವಾಬ್ದಾರಿ. ಹನ್ನೊಂದು ಕಂಪನಿಗಳಿಗೆ ಕಳಿಸಿದ್ದಳು. ಒಂದರಿಂದಲೂ ಫೋನ್ ಬರಲಿಲ್ಲ.

ಅವಳದು ನಮ್ಮ ಎದುರು ಮನೆ, ಮೂಲ ವಿಜಯಪುರದ ಕಡೆ. ನಾನು ಸಿದ್ದಲಿಂಗಪ್ಪ, ಕಾರ್ಖಾನೆಯೊಂದರ ಟ್ರೇನಿಂಗ್ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಮಕ್ಕಳು ಕಡಿಮೆಯಾಗಿ ಅವಳ ಶಾಲೆ ಒಂದೊಂದೇ ವಿಭಾಗ ಮುಚ್ಚುತ್ತಿತ್ತು. ಏಪ್ರಿಲ್ ನಂತರ ಕೆಲಸವಿಲ್ಲ ಎಂದು ಹೇಳಿಯೂ ಆಗಿತ್ತು. ಅಳುತ್ತಾಳೇನೋ ಅಂದುಕೊಂಡೆ. ಅವಳು, "ಕಂಪನಿಯೊಳಗ ಟ್ರೇನರ್ ಆಗ್ತೀನ್ರಿ ಕಾಕಾ. ಕಲಿಸೋದಂತೂ ಬಿಡಂಗಿಲ್ಲ" ಎಂದಳು.

ಎರಡನೇ ಬಯೋಡೇಟಾಕ್ಕೆ ಇಂಟರ್ನೆಟ್ಟಿನಿಂದ ದೊಡ್ಡ ದೊಡ್ಡ ಇಂಗ್ಲಿಷ್ ಪದ ತಂದು ತುಂಬಿದಳು. ಪಾಲಕರ ಸಭೆ 'ಸ್ಟೇಕ್‌ಹೋಲ್ಡರ್ ಮ್ಯಾನೇಜ್‌ಮೆಂಟ್' ಆಯಿತು. ಶಿಕ್ಷಕಿ ಎಂಬ ಮಾತೇ ಎಲ್ಲೂ ಕಾಣಲಿಲ್ಲ. ಹಿಂಜವಡಿಯ ಕಂಪನಿಯೊಂದು ಸಂದರ್ಶನಕ್ಕೆ ಕರೆದು, ನಿಮ್ಮಿಂದ ಏನು ಬದಲಾಯಿತು ಎಂದು ಕೇಳಿತು. ಮಕ್ಕಳಿಗೆ ನನ್ನನ್ನು ಕಂಡರೆ ಬಹಳ ಪ್ರೀತಿ ಅಂದಳಂತೆ. ಹತ್ತು ನಿಮಿಷದಲ್ಲಿ ಹೊರಗೆ ಬಂದಿದ್ದಳು.

"ಅರಿವಿ ಬದಲಿಸಿದರ ಆಳು ಬದಲಾಗಂಗಿಲ್ಲವಾ," ಎಂದು ನಾನು ರೇಗಿದೆ. "ಮೊದಲ ಹೆಂಗಿತ್ತು, ನೀ ಏನ ಮಾಡಿದಿ, ಆಮ್ಯಾಲ ಹೆಂಗಾತು, ಅಷ್ಟ ಹೇಳು. ಟೀಚರ್ ಅನ್ನೋದನ್ನ ಮುಚ್ಚಬ್ಯಾಡ."

ಅವಳು ಹಳೆಯ ಅಂಕಪಟ್ಟಿಗಳನ್ನು ಹೊತ್ತು ತಂದಳು. ಒಂದು ವರ್ಷ ಐವತ್ತೆಂಟು ಮಕ್ಕಳಲ್ಲಿ ಹದಿನೇಳು ಮಂದಿ ಮೊದಲ ಪರೀಕ್ಷೆಯಲ್ಲಿ ಫೇಲು. ಯಾರು ಲೆಕ್ಕದ ಯಾವ ಹಂತದಲ್ಲಿ ಎಡವುತ್ತಾರೆಂದು ನೋಡಿ ಮೂರು ಗುಂಪು ಮಾಡಿ ಕಲಿಸಿದ್ದಳು. ವರ್ಷದ ಕೊನೆಗೆ ಫೇಲಾದವರು ನಾಲ್ಕೇ ಮಂದಿ. ಇದು ಬಯೋಡೇಟಾದ ಮೊದಲ ಸಾಲಾಯಿತು.

"ಆದರ ಕಾಕಾ, ದೊಡ್ಡವರಿಗೆ ಕಲಿಸೀರೇನು ಅಂತ ಕೇಳ್ತಾರ್ರಿ."

"ಕಲಿಸೀಯೇನು?"

ಬೆರಳು ಮಡಚಿ ಎಣಿಸಿದಳು. "ಹೊಸದಾಗಿ ಬಂದ ಆರು ಮಂದಿ ಟೀಚರ್ ಕ್ಲಾಸಿನ್ಯಾಗ ಒಂದೊಂದು ತಿಂಗಳು ಕುಂತು, ಏನು ತಿದ್ದಬೇಕು ಅಂತ ಬರದು ಕೊಟ್ಟೇನಿ. ಅದೂ ಲೆಕ್ಕಕ್ಕ ಬರತದೇನ್ರಿ?"

ಬಗಲಲ್ಲಿ ಕೂಸು, ಊರೆಲ್ಲ ಹುಡುಕಾಟ ಎಂಬಂತಾಗಿತ್ತು. ಅದು ಎರಡನೇ ಸಾಲಾಯಿತು. ಉತ್ತರಗಳನ್ನು ನಮ್ಮ ಅಡುಗೆಮನೆಯಲ್ಲಿ ನಿಂತು ನಿಂತು ಹೇಳಿ ರೂಢಿ ಮಾಡಿಕೊಂಡಳು. ನಾನು ಅಡ್ಡ ಪ್ರಶ್ನೆ ಹಾಕುತ್ತಿದ್ದೆ, ಅವಳು ಬಿಡದೆ ಮತ್ತೆ ಶುರು ಮಾಡುತ್ತಿದ್ದಳು. ಇಂಥ ಹಟ ನಾನು ಕಂಡಿರಲಿಲ್ಲ.

ಮಾರ್ಚ್ ಕೊನೆಗೆ ರಾಂಜಣಗಾಂವದ ಕಾರ್ಖಾನೆಯೊಂದು ಕರೆಯಿತು. ಹದಿನೈದು ನಿಮಿಷ ಪಾಠ ಮಾಡಿ ತೋರಿಸಬೇಕು. ವಿಷಯ, ಪಾಳಿ ಬದಲಾಗುವಾಗ ತುಂಬುವ ಫಾರ್ಮು. ಫಾರ್ಮನ್ನು ಎರಡು ದಿನ ಮೊದಲೇ ಕಳಿಸಿದ್ದರು. ಒಂದೊಂದು ಕಾಲಮ್ಮು ಏಕೆ ಎಂದು ಅವಳು ನನ್ನ ಜೀವ ತಿಂದು ಕೇಳಿಕೊಂಡಿದ್ದಳು.

ಅವಳು ಬಂದು ಹೇಳಿದ್ದು ಇಷ್ಟು: ಎದುರಿಗೆ ಕೂತವರು ಮ್ಯಾನೇಜರ್ ಅವಿನಾಶ್, ಇಬ್ಬರು ಸೂಪರ್‌ವೈಸರ್‌ಗಳು. ಮಾತೆಲ್ಲ ಮರಾಠಿಯಲ್ಲಿ. ಪಾಠ ಮುಗಿಸಿ, ತಿಳಿಯಿತೇ ಎಂದಳು. ಮೂವರೂ ತಲೆ ಆಡಿಸಿದರು. ಅಲ್ಲಿಗೆ ನಿಲ್ಲಿಸಿ ಕೂತಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಆದರೆ ಹದಿನಾಲ್ಕು ವರ್ಷ ಇಡೀ ಕ್ಲಾಸು "ಹೋ ಟೀಚರ್" ಎಂದು, ಮರಾಠಿಯಲ್ಲಿ ಹೌದೆಂದು, ಕೂಗುವುದನ್ನು ಕೇಳಿದವಳು ಅವಳು. ಆ ಕೂಗನ್ನು ಒಂದು ದಿನವೂ ನಂಬಿದವಳಲ್ಲ. ಕೊನೆಯಲ್ಲಿ ಕೂತಿದ್ದ ಸೂಪರ್‌ವೈಸರ್ ಮನೋಜನಿಗೆ ಪೆನ್ನು ಕೊಟ್ಟು, "ನಾನು ಮುಂದಿನ ಪಾಳಿಯವಳು, ನೀವು ಮನೆಗೆ ಹೊರಟಿದ್ದೀರಿ. ತುಂಬಿ ನನಗೆ ಒಪ್ಪಿಸಿ" ಎಂದಳು.

ಸಾಹೇಬರ ಎದುರಿಗೆ ಅವರ ಕೈಕೆಳಗಿನವನನ್ನು ಎಬ್ಬಿಸಿ ನಿಲ್ಲಿಸಿದ್ದಳು! ಮಕ್ಕಳಿಗಾದರೆ ಸರಿ. ಪೆನ್ನು ಕೊಟ್ಟ ಮೇಲೆ ಅವಳಿಗೇ ಹೊಳೆಯಿತಂತೆ, ಕೆಲಸ ಹೋಯಿತು ಅಂದುಕೊಂಡಳಂತೆ. ಆದರೂ ಪೆನ್ನು ವಾಪಸ್ ಕೇಳಲಿಲ್ಲ.

ಮನೋಜ ಚಕಚಕ ಬರೆದ. 'ತಾತ್ಕಾಲಿಕ ರಿಪೇರಿ' ಎಂಬ ಕಾಲಮ್ಮಿಗೆ ಬಂದಾಗ ಒಂದು ಗೆರೆ ಎಳೆದು ಮುಂದೆ ಹೋದ.

"ಇಲ್ಲಿ ಗೆರೆ ಏಕೆ?"

ಅವನು ಅವಿನಾಶರ ಮುಖ ನೋಡಿದ. ಆಮೇಲೆ ಮೆಲ್ಲಗೆ ಹೇಳಿದ, "ಮೂರು ವರ್ಷದಿಂದ ಗೆರೆಯನ್ನೇ ಎಳೆಯುತ್ತಿದ್ದೇನೆ ಮೇಡಂ. ಇದು ಏಕೆ ಇದೆ ಎಂದು ಯಾರನ್ನೂ ಕೇಳಲಿಲ್ಲ."

ಅವಳು ಬೈಯಲಿಲ್ಲ, ನಗಲಿಲ್ಲ. ಸಡಿಲ ಬೋಲ್ಟಿಗೆ ತಂತಿ ಸುತ್ತಿ ಮಷೀನು ಓಡಿಸಿ ಹೋದರೆ, ಮುಂದಿನವನು ಅದು ಸರಿಯಾಗಿದೆ ಎಂದೇ ನಂಬಿ ಕೈ ಹಾಕುತ್ತಾನೆ ಎಂದಳು. ಮನೋಜ ಗೆರೆ ಹೊಡೆದುಹಾಕಿ ಮತ್ತೆ ಬರೆದ.

ಎಂಟು ದಿನಕ್ಕೆ ನೇಮಕದ ಪತ್ರ ಬಂತು. ನನ್ನ ಕಣ್ಣು ತುಂಬಿತು, ಹೇಳಲು ನಾಚಿಕೆಯಿಲ್ಲ. ಮೊದಲ ಕೆಲಸವೇ ಉಳಿದ ಎಲ್ಲ ಸೂಪರ್‌ವೈಸರ್‌ಗಳಿಗೆ ಆ ಫಾರ್ಮು ಕಲಿಸುವುದು. ಹಾಜರಿ ಪಟ್ಟಿಯ ಕೊನೆಯಲ್ಲಿ ಮನೋಜನ ಹೆಸರಿತ್ತು. ಅವನು ತಾನಾಗಿಯೇ ಬರೆಸಿದ್ದನಂತೆ.